ಮೂಲೆ ಕಟ್ಟಡದ ಜನರೇಟರ್ ಮತ್ತು ಚಾವಣಿಯ ಸೋಲಾರ್: ಮಾಲೀಕರಿಗೆ ಪತ್ರ ಕೊಡುವ ಮುನ್ನ (ಕುವೆಂಪುನಗರ ನಿವಾಸಿಗಳ ಗುಂಪು, ಮೈಸೂರು)

ಕಾರ್ಯದರ್ಶಿ: ಮುಖ್ಯರಸ್ತೆಯ ಮೂಲೆಯ ವಾಣಿಜ್ಯ ಕಟ್ಟಡದಲ್ಲಿ ಭಾನುವಾರ ಮಧ್ಯಾಹ್ನ ಕರೆಂಟ್ ಹೋದಾಗ ಜನರೇಟರ್ ಅರ್ಧ ಗಂಟೆಯಲ್ಲಿ ಮೂರು ಸಲ ಚಾಲೂ ಆಗಿ ಮೂರು ಸಲವೂ ಟ್ರಿಪ್ ಆಯಿತು. ಲಿಫ್ಟಿನಲ್ಲಿ ಇಬ್ಬರು ಸಿಕ್ಕಿಕೊಂಡಿದ್ದರು. ಹಿಂದಿನ ಸಾಲಿನ ಮನೆಗಳಲ್ಲಿ ಒಣಹಾಕಿದ್ದ ಬಟ್ಟೆಯ ಮೇಲೆ ಎಣ್ಣೆಮಸಿ ಕೂತಿದೆ. ಚಾವಣಿಯ ಸೋಲಾರೇ ಇದಕ್ಕೆ ಕಾರಣವೆಂದು ಕೆಲವರ ದೂರು. ಪತ್ರದಲ್ಲಿ ಏನನ್ನು ಸರಿಪಡಿಸಿ ಎಂದು ಬರೆಯಬೇಕೆಂಬುದು ಮೊದಲು ನಮಗೆ ತಿಳಿಯಬೇಕು.

ಔಷಧಿ ಅಂಗಡಿ, ನೆಲಮಹಡಿ: ಫ್ರಿಜ್‌ನಲ್ಲಿ ಇನ್ಸುಲಿನ್ ಇದ್ದುದರಿಂದ ಮೂರನೆಯ ಸಲ ನಾನೇ ಪ್ಯಾನೆಲ್ ಮುಂದೆ ನಿಂತಿದ್ದೆ. ಜನರೇಟರ್ ಲೋಡ್ ತೆಗೆದುಕೊಂಡು ಸುಮಾರು ಒಂದು ನಿಮಿಷ ಮೀಟರ್ 36 ಕಿಲೋವ್ಯಾಟ್ ತೋರಿಸುತ್ತಿತ್ತು. ಆಮೇಲೆ ಅಂಕಿ ಇಳಿಯುತ್ತ ಹೋಗಿ, ಎಂಜಿನ್ನಿನ ದನಿ ಹಗುರವಾಗಿ, `-14 kW` ಎಂದು ತೋರಿಸಿದ ಕೆಲವೇ ಸೆಕೆಂಡುಗಳಲ್ಲಿ ಬ್ರೇಕರ್ ಬಿತ್ತು. ಪರದೆಯಲ್ಲಿ `REVERSE POWER` ಎಂದಿತ್ತು.

ಮನೆ 14: ಆ ಸೋಲಾರ್‌ಗೆ ಜೀರೋ ಎಕ್ಸ್‌ಪೋರ್ಟ್ ಸಾಧನ ಹಾಕಿದ್ದಾರೆ, ನಾನೇ ನೋಡಿದ್ದೇನೆ. ಹೆಚ್ಚಿನ ವಿದ್ಯುತ್ ಹೊರಗೆ ಹೋಗದಂತೆ ಅದು ತಡೆಯುವುದರಿಂದ ಸೋಲಾರ್ ಮೇಲೆ ದೂರು ಹಾಕುವುದು ತಪ್ಪು. ಬ್ರೇಕರ್ ಬೀಳಿಸುವ ರಿಲೇ ಅತಿ ಸೂಕ್ಷ್ಮವಾಗಿರಬೇಕು. ಅದನ್ನು ಬೈಪಾಸ್ ಮಾಡಿಸಿದರೆ ಮುಗಿಯಿತು.

ನಿವೃತ್ತ ವಿದ್ಯುತ್ ಇಂಜಿನಿಯರ್, ಮೂರನೇ ಅಡ್ಡರಸ್ತೆ: ಸಾಧನ ಇರುವುದು ನಿಜ, ಆದರೆ ಅದಕ್ಕೆ ಕರೆಂಟ್ ಅಳೆದು ತಿಳಿಸುವ ಸಿಟಿ ಕೂತಿರುವುದು ಲೈನಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್‌ಗಿಂತ ಮೊದಲು, ಸೆಸ್ಕ್ ಮೀಟರಿನ ಪಕ್ಕದಲ್ಲಿ. ಜನರೇಟರ್ ಓಡುವಾಗ ಆ ಕೇಬಲ್ಲಿನಲ್ಲಿ ಕರೆಂಟೇ ಇರುವುದಿಲ್ಲವಾದ್ದರಿಂದ ಸಾಧನಕ್ಕೆ ಸೊನ್ನೆ ಕಾಣುತ್ತದೆ, ಅದಕ್ಕೆ ಬೇಕಾದದ್ದೂ ಸೊನ್ನೆಯೇ, ಹಾಗಾಗಿ ಅದು ಸುಮ್ಮನಿರುತ್ತದೆ. ಇತ್ತ ಸೋಲಾರ್ ಇನ್ವರ್ಟರ್ ಜನರೇಟರಿನ ವೋಲ್ಟೇಜನ್ನೇ ಲೈನ್ ಎಂದು ನಂಬಿ, ಒಂದು ನಿಮಿಷ ಕಾದು, ಬಿಸಿಲು ಕೊಟ್ಟಷ್ಟನ್ನೂ ಸುರಿಯುತ್ತದೆ. ಅಂದು 50 ಕಿಲೋವ್ಯಾಟ್ ಬಂದಿರಬೇಕು; ಕಟ್ಟಡ 36 ತಿಂದು ಉಳಿದ 14 ಆಲ್ಟರ್ನೇಟರಿಗೆ ಹಿಂದಿರುಗಿ ಎಂಜಿನ್ನನ್ನೇ ತಿರುಗಿಸತೊಡಗಿದೆ.

ರಿಲೇಯನ್ನು ಮುಟ್ಟಬೇಡಿ. ಅದು 125 ಕೆವಿಎ ಸೆಟ್, ಅಂದರೆ 100 ಕಿಲೋವ್ಯಾಟ್. ರಿಲೇ 10 ಕಿಲೋವ್ಯಾಟಿಗೆ 5 ಸೆಕೆಂಡ್ ತಡ ಇಟ್ಟಿದೆ, ಡೀಸೆಲ್ ಎಂಜಿನ್ನಿಗೆ ಅದು ಸರಿಯಾದ ಮಟ್ಟವೇ. ತೆಗೆದುಹಾಕಿದರೆ ಎಂಜಿನ್ನಿನ ವೇಗ ಕಾಯುವ ಗವರ್ನರ್ ಡೀಸೆಲ್ಲನ್ನು ಪೂರ್ತಿ ಕಡಿತ ಮಾಡಿದರೂ ಆ ವೇಗ ಏರಬಹುದು, ಫ್ರೀಕ್ವೆನ್ಸಿ ಮಿತಿ ಮೀರಿ ಇನ್ವರ್ಟರ್ ಕಳಚಿಕೊಳ್ಳುತ್ತದೆ, 36 ಕಿಲೋವ್ಯಾಟೂ ಒಮ್ಮೆಲೇ ಎಂಜಿನ್ ಮೇಲೆ ಬೀಳುತ್ತದೆ, ಮತ್ತೆ ಒಂದು ನಿಮಿಷಕ್ಕೆ ಅದೇ ಕಥೆ.

ಮನೆ 9: ನಮ್ಮ ಮನೆಯ 3 ಕಿಲೋವ್ಯಾಟ್ ಸೋಲಾರ್ ಕರೆಂಟ್ ಹೋದ ತಕ್ಷಣ ನಿಂತುಬಿಡುತ್ತದೆ. ಇದೂ ರಿವರ್ಸ್ ಪವರ್ ತೊಂದರೆಯೇ ಸರ್?

ನಿವೃತ್ತ ಇಂಜಿನಿಯರ್: ಅಲ್ಲ ಮೇಡಂ, ಕಂಬದ ಮೇಲೆ ಕೆಲಸ ಮಾಡುವವರ ಜೀವ ಉಳಿಯಲೆಂದು ಅದು ಹಾಗೆ ನಿಲ್ಲಲೇಬೇಕು. ನಿಮ್ಮ ಇನ್ವರ್ಟರ್‌ಗೆ ಲೈನ್ ಎಂದು ಭ್ರಮಿಸಲು ಜನರೇಟರ್ ಇಲ್ಲ, ಅಷ್ಟೇ ವ್ಯತ್ಯಾಸ.

ಮನೆ 14: ಸಿಟಿಯ ಜಾಗ ನಾನು ಗಮನಿಸಿರಲಿಲ್ಲ, ಒಪ್ಪಿದೆ. ಹಾಗಾದರೆ ಜನರೇಟರ್ ಕಡೆಗೂ ಒಂದು ಸಿಟಿ ಹಾಕಿ ಅಲ್ಲಿಯೂ ಸೊನ್ನೆ ಇಟ್ಟರೆ ಸಾಕಲ್ಲವೇ?

ನಿವೃತ್ತ ಇಂಜಿನಿಯರ್: ಸಿಟಿ ಬೇಕು, ಸೊನ್ನೆ ಸಾಲದು. ಸೊನ್ನೆಯೆಂದರೆ ಎಂಜಿನ್ ಬರಿದೇ ಓಡುತ್ತಿದೆ ಎಂದರ್ಥ. ಸಿಲಿಂಡರ್ ಕಾಯದೆ ಡೀಸೆಲ್ ಅರ್ಧಂಬರ್ಧ ಉರಿದು ಹೊಗೆಕೊಳವೆಯಲ್ಲಿ ಎಣ್ಣೆಮಸಿಯಾಗುತ್ತದೆ. ಬಟ್ಟೆಯ ಮೇಲೆ ಕೂತದ್ದೂ ಬಹುಶಃ ಅದೇ. ಜನರೇಟರ್ ಮೇಲೆ ಕನಿಷ್ಠ 30 ಕಿಲೋವ್ಯಾಟ್ ಉಳಿಯುವಂತೆ ಸೋಲಾರನ್ನು ತಗ್ಗಿಸಬೇಕು. ಯಾವ ಮಿತಿ ಅನ್ವಯಿಸಬೇಕೆಂದು ತಿಳಿಯಲು ಆ ಸಾಧನದ ಕಂಟ್ರೋಲರಿಗೆ ಚೇಂಜ್‌ಓವರ್‌ನಿಂದ ಸಂಕೇತವೂ ಹೋಗಬೇಕು. ಸಿಟಿ ತಿರುಗುಮುರುಗಾದರೆ ಲೆಕ್ಕವೇ ಉಲ್ಟಾ. ಒಬ್ಬರು ಸೋಲಾರ್ ಏರಿಸುತ್ತ ಇನ್ನೊಬ್ಬರು ಜನರೇಟರ್ ಮೀಟರ್ ನೋಡಲಿ. ಕಂಟ್ರೋಲರಿನ ಅಂಕಿಯೂ ಅದರ ಜೊತೆಗೇ ಇಳಿಯಬೇಕು.

ಕಾರ್ಯದರ್ಶಿ: ಇಷ್ಟು ಖರ್ಚಿಗೆ ಮಾಲೀಕರು ಒಪ್ಪದಿದ್ದರೆ?

ನಿವೃತ್ತ ಇಂಜಿನಿಯರ್: ಜನರೇಟರ್ ಓಡುವಾಗ ಸೋಲಾರ್ ಕಾಂಟ್ಯಾಕ್ಟರ್ ತೆರೆದುಕೊಳ್ಳುವ ಇಂಟರ್‌ಲಾಕ್ ಒಂದನ್ನು ಹಾಕಿಸಲಿ. ಭಾನುವಾರದ 36ರಲ್ಲಿ ಸೋಲಾರ್‌ಗೆ ಸಿಗುವುದು ಹೇಗೂ 6 ಮಾತ್ರ, ನಷ್ಟ ಅತ್ಯಲ್ಪ. ವಾರದ ದಿನ ಲೋಡ್ 80 ಇದ್ದರೆ 50 ಪೂರ್ತಿ ಸಿಗುತ್ತಿತ್ತು, ಆಗ ಡೀಸೆಲ್ ಲೆಕ್ಕ ಅವರಿಗೇ ನೆನಪಾಗುತ್ತದೆ.

ಮನೆ 14: ಕಂಟ್ರೋಲರಿನ ಸಂಪರ್ಕದ ತಂತಿ ಕಳಚಿದರೆ? ಎಸಿಗಳು ಒಟ್ಟಿಗೇ ನಿಂತು ಲೋಡ್ ಥಟ್ಟನೆ ಕುಸಿದರೆ?

ನಿವೃತ್ತ ಇಂಜಿನಿಯರ್: ತಂತಿ ಕಡಿದರೆ ಇನ್ವರ್ಟರ್ ತಾನಾಗಿ ಸೊನ್ನೆಗಿಳಿಯುವ ಸೆಟ್ಟಿಂಗ್ ಇರುತ್ತದೆ, ಅಲ್ಲಿ ಹಾಕಿದ್ದಾರೋ ಇಲ್ಲವೋ ನೋಡಬೇಕು. ಎಸಿ ವಿಷಯದಲ್ಲಿ, ರಿಲೇಯ 5 ಸೆಕೆಂಡಿನೊಳಗೆ ಕಂಟ್ರೋಲರ್ ಸೋಲಾರನ್ನು ತಗ್ಗಿಸಬಲ್ಲದೇ ಎಂಬುದನ್ನು ಓಡಿಸಿಯೇ ಅಳೆಯಬೇಕು.

ಔಷಧಿ ಅಂಗಡಿ: ಅಲ್ಲಿಯವರೆಗೆ ಕಾವಲುಗಾರರು ಏನು ಮಾಡಬೇಕು?

ಕಾರ್ಯದರ್ಶಿ: ಜನರೇಟರ್ ಹಾಕುವ ಮುನ್ನ ಸೋಲಾರ್ ಬ್ರೇಕರ್ ಆಫ್ ಮಾಡಲು ಮಾಲೀಕರಿಂದಲೇ ಅವರಿಗೆ ಹೇಳಿಸುತ್ತೇನೆ. ಪತ್ರದಲ್ಲಿ ಇಂಟರ್‌ಲಾಕ್ ಅನ್ನು ತಕ್ಷಣಕ್ಕೆ, ಎರಡನೆಯ ಸಿಟಿ ಮತ್ತು 30 ಕಿಲೋವ್ಯಾಟಿನ ಮಿತಿಯನ್ನು ನಂತರಕ್ಕೆ ಕೇಳುತ್ತಿದ್ದೇನೆ. ಭಾನುವಾರ ಹನ್ನೆರಡಕ್ಕೆ, ಬಿಸಿಲಿದ್ದಾಗ, ಪರೀಕ್ಷೆಗೆ ಅನುಮತಿ ಕೇಳೋಣ. ಆ ಹೊತ್ತಿಗೆ ಲಿಫ್ಟನ್ನು ನೆಲಮಹಡಿಯಲ್ಲಿ ನಿಲ್ಲಿಸಿರಬೇಕು.