ಪದ ಬೇಕು: ರೆಡಿಮಿಕ್ಸ್ ಘಟಕದ ಮೂರು ಟ್ಯಾಂಕುಗಳಿಗೆ ಕನ್ನಡ ಫಲಕ

ಅನುವಾದಕಿ, ಕಲಬುರಗಿ
ಮಾನ್ಯರೇ, ಊರಾಚೆಯ ರೆಡಿಮಿಕ್ಸ್ ಕಾಂಕ್ರೀಟ್ ಘಟಕವೊಂದರ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆಯೇ ಪೇಂಟರ್ ಬರುತ್ತಾರೆ. ಪ್ಲಾಸ್ಟಿಸೈಸರ್, ರಿಟಾರ್ಡರ್, ವಾಟರ್‌ಪ್ರೂಫಿಂಗ್ ದ್ರವಗಳ ಟ್ಯಾಂಕುಗಳಿಗೆ ಮೃದುಕಾರಕ, ವಿಳಂಬಕಾರಿ, ಜಲನಿರೋಧಕ ಎಂದು ಬರೆದುಕೊಟ್ಟೆ. ಓದಿದ ಆಪರೇಟರ್ ನಕ್ಕುಬಿಟ್ಟರು. ಬೇರೆ ಪದಗಳಿವೆಯೇ?

ಯಾದಗಿರಿಯಿಂದ
ನಗದೇ ಏನು ಮಾಡುತ್ತಾರೆ? ಮೂರೂ ಸಂಸ್ಕೃತ. ಮೆದುಪು, ಗಟ್ಟಿತಡೆ, ನೀರ್ತಡೆ ಎಂದು ಬರೆಯಿರಿ. ಕನ್ನಡದ ಬೇರುಗಳಲ್ಲೇ ಕೆಲಸ ಮುಗಿಯುತ್ತದೆ.

ನಿವೃತ್ತ ಎಂಜಿನಿಯರ್, ಕಲಬುರಗಿ
ಮೇಡಂ, ‘ಗಟ್ಟಿತಡೆ’ಯನ್ನು ದಯವಿಟ್ಟು ಬರೆಸಬೇಡಿ. ರಿಟಾರ್ಡರ್ ಕಾಂಕ್ರೀಟು ಗಟ್ಟಿಯಾಗುವುದನ್ನು ತಡೆಯುವುದಿಲ್ಲ, ಮುಂದಕ್ಕೆ ಹಾಕುತ್ತದೆ, ಅಷ್ಟೇ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಲಾರಿ ಸೇರುವಷ್ಟರಲ್ಲಿ ಮಾಲು ಬಿಗಿಯಾಗಬಾರದೆಂದು ಅದನ್ನು ಹಾಕುತ್ತೇವೆ. ರೆಡಿಮಿಕ್ಸ್‌ಗೆ ಇರುವ ಭಾರತೀಯ ಮಾನದಂಡ ಐಎಸ್ 4926ರ ಪ್ರಕಾರ ಲೋಡ್ ಮಾಡಿದ ಎರಡು ಗಂಟೆಯೊಳಗೆ ಮಾಲು ಇಳಿಯಬೇಕು. ರಿಟಾರ್ಡರ್ ಇದ್ದರೆ ಹೆಚ್ಚು ಸಮಯಕ್ಕೆ ಒಪ್ಪಿಗೆ ಸಿಗಬಹುದು.

‘ಮೃದುಕಾರಕ’ವೂ ದಾರಿ ತಪ್ಪಿಸುತ್ತದೆ. ನೀರು ಬಿದ್ದೊಡನೆ ಸಿಮೆಂಟಿನ ಕಣಗಳು ಗಂಟುಕಟ್ಟಿಕೊಂಡು ಒಂದಿಷ್ಟು ನೀರನ್ನು ಒಳಗೇ ಹಿಡಿದಿಡುತ್ತವೆ. ಪ್ಲಾಸ್ಟಿಸೈಸರ್ ಆ ಗಂಟು ಬಿಡಿಸುತ್ತದೆ. ಹಾಗಾಗಿ ಕಡಿಮೆ ನೀರಿನಲ್ಲೇ ಮಾಲು ಹರಿಯುತ್ತದೆ, ಗಟ್ಟಿಯಾದ ಮೇಲೆ ಬಲವೂ ಹೆಚ್ಚು.

ಫಲಕ ಏಕೆ ಮುಖ್ಯವೆಂದರೆ, ಒಂದು ಘಟಕದಲ್ಲಿ ಎರಡು ದ್ರವಗಳು ಅದಲುಬದಲಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆರು ಘನಮೀಟರಿನ ಲಾರಿ, ಘನಮೀಟರಿಗೆ 350 ಕಿಲೋ ಸಿಮೆಂಟು. ಪ್ಲಾಸ್ಟಿಸೈಸರ್ ಸಿಮೆಂಟಿನ ತೂಕದ ಶೇ 1, ಅಂದರೆ 21 ಕಿಲೋ. ರಿಟಾರ್ಡರ್ ಶೇ 0.2, ಅಂದರೆ ನಾಲ್ಕು ಕಿಲೋ ಚಿಲ್ಲರೆ. ಪೈಪು ತಪ್ಪಾಗಿ ಜೋಡಿಸಿದ್ದರಿಂದ 21 ಕಿಲೋ ರಿಟಾರ್ಡರೇ ಹೋಯಿತು. ಎರಡೂ ಕಂದು ದ್ರವ. ಆ ರಿಟಾರ್ಡರಿಗೆ ಅಷ್ಟಿಷ್ಟು ಹರಿಸುವ ಗುಣವೂ ಇತ್ತು, ಹಾಗಾಗಿ ಮಾಲು ಇಳಿಸುವಾಗ ಯಾರಿಗೂ ಅನುಮಾನ ಬರಲಿಲ್ಲ. ಮರುದಿನ ಸಂಜೆ ಸ್ಲ್ಯಾಬಿನ ಮೇಲ್ಮೈ ಬಿಸಿಲಿಗೆ ಒಣಗಿ ಕೆನೆಗಟ್ಟಿತ್ತು. ಗೌಂಡಿ ಕರಣೆಯ ತುದಿಯಿಂದ ಆ ಕೆನೆ ಎಬ್ಬಿಸಿದರೆ ಕೆಳಗಿನದು ಇನ್ನೂ ಹಸಿ. ಕೂಡಲೇ ಒಡೆಸಲು ಹೊರಟವರನ್ನು ತಡೆದು, ಒದ್ದೆ ಗೋಣಿ ಹೊದಿಸಿ, ಸೆಂಟ್ರಿಂಗ್ ಬಿಚ್ಚದೆ ಕಾದೆವು. ಬಲ ಪರೀಕ್ಷೆಗೆಂದು ಅದೇ ಮಾಲಿನಿಂದ ಮಾಡಿಟ್ಟ ಕ್ಯೂಬುಗಳಲ್ಲಿ ಏಳನೆಯ ದಿನದ್ದು ಸೋತಿತು, 28ನೆಯ ದಿನದ್ದು ಪಾಸಾಯಿತು. ಪ್ರತಿ ಸಲವೂ ಹೀಗೆ ಪಾರಾಗುತ್ತೇವೆಂದು ನಂಬಬೇಡಿ.

ಸೇಡಂನಿಂದ
ಹೊಸ ಪದ ಹುಡುಕುವ ಮೊದಲು ಹಳೆಯದನ್ನು ನೋಡಬಾರದೇ? ಬಹಮನಿ ಕಾಲದ ಗಚ್ಚಿಗೆ ಬೆಲ್ಲದ ನೀರು ಬೆರೆಸುತ್ತಿದ್ದರು. ಅದೇ ರಿಟಾರ್ಡರ್. ಅದನ್ನು ‘ಬೆಲ್ಲನೀರು’ ಎಂದೇ ಕರೆಯೋಣ.

ಬೀದರ್‌ನಿಂದ
ಎಂಜಿನಿಯರ್ ಸಾಹೇಬರೇ, ನಮ್ಮ ಮನೆಯ ಛತ್ತಿಗೆ ಪ್ರತಿ ಚೀಲ ಸಿಮೆಂಟಿಗೂ ವಾಟರ್‌ಪ್ರೂಫ್ ಡಬ್ಬಿ ಹಾಕಿಸಿದ್ದೆ. ಆದರೂ ಮೊದಲ ಮಳೆಗೇ ಸೋರಿತು. ಡಬ್ಬಿಯೇ ನಕಲಿ ಇರಬಹುದೇ?

ನಿವೃತ್ತ ಎಂಜಿನಿಯರ್, ಕಲಬುರಗಿ
ಸೇಡಂನವರಿಗೆ: ಸಕ್ಕರೆಯ ಅಂಶ ಸಿಮೆಂಟನ್ನು ತಡಮಾಡುತ್ತದೆ ಎಂಬಷ್ಟು ನಿಜ. ಸುಣ್ಣದ ಗಚ್ಚು ಗಟ್ಟಿಯಾಗುವುದು ಮುಖ್ಯವಾಗಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದೂ ಬಹಳ ನಿಧಾನವಾಗಿ. ಅಲ್ಲಿ ಇನ್ನಷ್ಟು ತಡಮಾಡಿ ಯಾರಿಗೆ ಲಾಭ? ಇನ್ನು ‘ಬೆಲ್ಲನೀರು’ ಎಂದು ಬರೆದ ಟ್ಯಾಂಕಿಗೆ ಯಾರಾದರೂ ಲೋಟ ಹಿಡಿದರೆ ಹೊಣೆ ನಿಮ್ಮದು.

ಬೀದರ್‌ನವರಿಗೆ: ಡಬ್ಬಿಯನ್ನು ಬಯ್ಯುವ ಮೊದಲು ಬಿರುಕು ಹುಡುಕಿ. ಆ ದ್ರವ ಕಾಂಕ್ರೀಟಿನ ಒಳಗಿನ ಕೂದಲೆಳೆಯಂಥ ರಂಧ್ರಗಳಲ್ಲಿ ನೀರು ಏರದಂತೆ ಮಾಡುತ್ತದೆ. ಬಿರುಕಿಗೂ, ವೈಬ್ರೇಟರ್ ತಾಗದೆ ಉಳಿದ ಪೊಳ್ಳಿಗೂ ಅದು ಮದ್ದಲ್ಲ. ಗೌಂಡಿ ಮಾಲಿಗೆ ಎರಡು ಕೊಡ ನೀರು ಹೆಚ್ಚು ಹುಯ್ದಿದ್ದರಂತೂ ಹೊಸ ರಂಧ್ರಗಳನ್ನು ನೀವೇ ಮಾಡಿಸಿದಂತೆ.

ಯಾದಗಿರಿಯಿಂದ
ಛತ್ತಿನ ವಿಚಾರ ಬೇರೆ ಕಡೆ ಮಾತಾಡಿಕೊಳ್ಳಿ. ಗಟ್ಟಿತಡೆ ಬೇಡವೆಂದರೆ ‘ತಡಗಟ್ಟು’ ಇರಲಿ. ಹೀಗೆ ಎಲ್ಲ ಇಂಗ್ಲಿಷ್ ಪದಗಳಿಗೂ ತಲೆಬಾಗುತ್ತಾ ಹೋದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಸೇಡಂನಿಂದ
ಗಚ್ಚು ಪಾರಸಿಯಿಂದ ಬಂದದ್ದು, ಮೇಸ್ತ್ರಿ ಪೋರ್ಚುಗೀಸಿನಿಂದ. ಅವನ್ನೂ ಊರು ಬಿಡಿಸುತ್ತೀರಾ?

ಯಾದಗಿರಿಯಿಂದ
ಬಂದು ನೆಲೆಸಿದವು ಬೇರೆ, ನಿನ್ನೆ ಡಬ್ಬಿಯ ಮೇಲೆ ಬಂದಿಳಿದವು ಬೇರೆ.

ನಿವೃತ್ತ ಎಂಜಿನಿಯರ್, ಕಲಬುರಗಿ
‘ತಡಗಟ್ಟು’ ಕೆಟ್ಟದ್ದೇನಲ್ಲ. ಆದರೆ ಪಕ್ಕದ ಟ್ಯಾಂಕಿನ ಮೇಲೆ ‘ನೀರ್ತಡೆ’ ಇರುತ್ತದೆ. ರಾತ್ರಿ ಪಾಳಿಯ ಹುಡುಗ ಅವಸರದಲ್ಲಿ ‘ತಡ’ ಎಂಬಷ್ಟನ್ನೇ ಓದುತ್ತಾನೆ. ಟ್ಯಾಂಕಿಗೊಂದು ಬಣ್ಣ ಬಳಿಸಿ, ಪೈಪಿಗೂ ಅದೇ ಬಣ್ಣ ಇರಲಿ. ಪದಕ್ಕೆ ಆಮೇಲೆ ಜಗಳವಾಡೋಣ.

ಅನುವಾದಕಿ, ಕಲಬುರಗಿ
ಪೇಂಟರ್ ಬಂದಿದ್ದಾರೆ. ರಿಟಾರ್ಡರ್, ಪ್ಲಾಸ್ಟಿಸೈಸರ್ ಎಂದು ಕನ್ನಡ ಲಿಪಿಯಲ್ಲೇ ದೊಡ್ಡದಾಗಿ ಬರೆಸಿ, ಕೆಳಗೆ ‘ಬಿಗಿಯುವುದನ್ನು ತಡಮಾಡುತ್ತದೆ’, ‘ಕಡಿಮೆ ನೀರಿನಲ್ಲಿ ಹರಿಸುತ್ತದೆ’ ಎಂದು ಸೇರಿಸುತ್ತಿದ್ದೇನೆ. ರಿಟಾರ್ಡರ್‌ಗೆ ಕೆಂಪು, ಪ್ಲಾಸ್ಟಿಸೈಸರ್‌ಗೆ ಹಸಿರು. ಮೂರನೆಯದಕ್ಕೆ ‘ಜಲನಿರೋಧಕ’ವೇ ಇರಲಿ ಎಂದು ಘಟಕದವರ ಹಟ. ಯಾದಗಿರಿಯವರು ಕ್ಷಮಿಸಬೇಕು.

ಯಾದಗಿರಿಯಿಂದ
ಕ್ಷಮಿಸುವುದಿಲ್ಲ.