ದಪ್ಪ ತೋಳಿನ ಬ್ಲೌಸ್: ಆರ್ಮ್‌ಹೋಲ್ ಇಳಿಸಿದರೂ ಹಿಡಿಯುತ್ತಿದೆ, ಏನು ಮಾಡಲಿ?

ಸೂಜಿಮೊನೆ:
ಅತ್ತಿಗೆಗೆ ಬ್ಲೌಸ್ ಹೊಲಿತಿದ್ದೀನಿ. ಎದೆ 46. ತೋಳು ಹಾಕಿಕೊಂಡ ತಕ್ಷಣ ಹಿಡಿಯುತ್ತೆ, ಬೆನ್ನೂ ಬಿಗಿ. ಬಿಚ್ಚಿ ಹೊಲಿದು ಬಿಚ್ಚಿ ಹೊಲಿದು ಬಟ್ಟೆ ನೂಲು ಬಿಡೋಕೆ ಶುರುವಾಗಿದೆ. ಬರೋ ವಾರ ಗೃಹಪ್ರವೇಶಕ್ಕೆ ಅವರಿಗೆ ಇದೇ ಬೇಕಂತೆ. ಎಲ್ಲಾ ಅಳತೆನೂ ಸರಿಯಾಗೇ ತಗೊಂಡಿದ್ದೀನಿ. ದಪ್ಪ ಇರೋರಿಗೆ ತೋಳು ಕೂರಿಸೋದು ಹೇಗೆ, ದಯವಿಟ್ಟು ಯಾರಾದ್ರೂ ಹೇಳಿ.

ಕತ್ತರಿ_ಮಂಡ್ಯ:
ಆರ್ಮ್‌ಹೋಲ್ ಸಾಲ್ತಿಲ್ಲ ಅಷ್ಟೇ. ಅರ್ಧ ಇಂಚು ಕೆಳಗೆ ಇಳಿಸಿ. 40ರ ಮೇಲಿನ ಎದೆಗೆ ನಾನು ಯಾವಾಗ್ಲೂ ಹಾಗೇ ಮಾಡೋದು, ಒಬ್ರೂ ವಾಪಸ್ ತಂದಿಲ್ಲ.

ಸೂಜಿಮೊನೆ:
ಅಕ್ಕ, ಅದನ್ನ ಆಗಲೇ ಮಾಡಿದೆ. ಈಗ ಕೈ ಎತ್ತಿದ್ರೆ ಬ್ಲೌಸೇ ಮೇಲೆ ಬರುತ್ತೆ, ಕೆಳಗಿನ ಪಟ್ಟಿ ಎದೆ ಮೇಲೆ ಹತ್ತಿ ಕೂರುತ್ತೆ.

ಕತ್ತರಿ_ಮಂಡ್ಯ:
ಹಾಗಾದ್ರೆ ಇನ್ನೂ ಕಾಲಿಂಚು ಇಳಿಸಿ ನೋಡಿ. ಇಳಿಸಿದ್ದು ಸಾಲದೇ ಇದ್ದಾಗ್ಲೂ ಹಾಗಾಗುತ್ತೆ.

ಮಲೆನಾಡ_ಹೊಲಿಗೆ:
ನನಗೂ ಇದೇ ಕಾಟ ಕಣ್ರೀ. ನನ್ನ ಕುರ್ತಾ ಹೊಟ್ಟೆ ಹತ್ರ ಮುಂದೆ ಎತ್ತಿಕೊಳ್ಳುತ್ತೆ, ಹಿಂದೆ ಇಳಿಬೀಳುತ್ತೆ, ಪಕ್ಕದ ಹೊಲಿಗೆ ಸೊಂಟದಿಂದ ಮುಂದಕ್ಕೆ ವಾಲುತ್ತೆ. ಮುಂದಿನ ಭಾಗವನ್ನ ಹೊಟ್ಟೆ ಎತ್ತರದಲ್ಲಿ ಅಡ್ಡ ಕತ್ತರಿಸಿ ನಡುವೆ ಒಂದು ಇಂಚು ಬಿಡಿಸಿ, ಪಕ್ಕಕ್ಕೆ ಬರ್ತಾ ಸೊನ್ನೆಗೆ ತಂದ ಮೇಲೆ ಅಂಚು ನೇರ ನಿಂತಿತು. ನಿಮ್ಮ ಅತ್ತಿಗೆಗೂ ಹೊಟ್ಟೆ ಇದ್ರೆ ಅದೇ ಮಾಡಿ.

ಸೂಜಿಮೊನೆ:
ಇದು ಕುರ್ತಾ ಅಲ್ಲ, ಸೀರೆ ಬ್ಲೌಸ್. ತೋಳಿನ ತೊಂದರೆ.

ಹುಬ್ಬಳ್ಳಿ_ಮಾಸ್ತರ್:
ತಂಗಿ, ಬಟ್ಟೆಗೆ ಇನ್ನ ಕತ್ತರಿ ಹಚ್ಚಬ್ಯಾಡ್ರಿ. ಮೊದಲ ಇಷ್ಟು ಹೇಳ್ರಿ. ತೋಳಿನ ಸುತ್ತಳತಿ ಎಲ್ಲಿ ತಗೊಂಡ್ರಿ? ತೋಳಿನ ಉದ್ದ ಎಷ್ಟು? ಹಿಂದಿನ ಕೊರಳು ಎಷ್ಟು ಆಳ? ಲೈನಿಂಗ್ ಅದ ಏನು? ಬ್ಲೌಸ್ ತೆಗೆದ ಮ್ಯಾಲೆ ಮೈಮ್ಯಾಲೆ ಗುರುತು ಎಲ್ಲಿ ಬಿದ್ದಿರತದ, ಕಂಕುಳ ಸಂದಿಯೊಳಗೋ, ತೋಳಿನ ಮ್ಯಾಲೋ?

ಸೂಜಿಮೊನೆ:
ಅಣ್ಣಾ, ತೋಳು ಮೊಣಕೈ ತನಕ, ಬಾಯಿ ಹತ್ರ ಸುತ್ತಳತೆ 14. ಹಿಂದಿನ ಕೊರಳು 9 ಇಂಚು, ಪಾಟ್ ನೆಕ್, ಮೇಲೆ ದಾರ. ಕಾಟನ್ ಲೈನಿಂಗ್ ಇದೆ. ಗುರುತು ಕಂಕುಳಿಂದ ಎರಡು ಬೆರಳು ಕೆಳಗೆ, ತೋಳಿನ ಸುತ್ತ ಬಳೆ ಥರ ಕೆಂಪಗೆ ಬೀಳುತ್ತೆ. ಸಂದಿಯಲ್ಲಿ ಏನೂ ಇಲ್ಲ.

ಕತ್ತರಿ_ಮಂಡ್ಯ:
ಲೈನಿಂಗ್ ನೆನೆಸಿದ್ರಾ? ಕಾಟನ್ ಲೈನಿಂಗ್ ನೆನೆಸದೆ ಹಾಕಿದ್ರೆ ಒಗೆದ ಮೇಲೆ ಜಗ್ಗುತ್ತೆ.

ಪವರ್_ಮಷಿನ್_ಬೆಂಗಳೂರು:
ನೆನೆಸೋ ಕಾಲ ಹೋಯ್ತು, ಒಳ್ಳೆ ಲೈನಿಂಗ್ ತಂದ್ರೆ ಸಾಕು. ನಾನು ಹೋದ ವರ್ಷ ಪವರ್ ಮಷಿನ್‌ಗೆ ಬಂದೆ, ಸರ್ವೋ ಮೋಟಾರ್, ಪಕ್ಕದಲ್ಲೇ ಐದು ದಾರದ ಓವರ್‌ಲಾಕ್. ಟೇಬಲ್ ಎತ್ತರನೂ ನನಗೆ ಬೇಕಾದ ಹಾಗೆ ಮಾಡಿಸಿಕೊಂಡೆ. ತೋಳು ಕೂರಿಸೋವಾಗ ಲೈನಿಂಗ್, ಬಟ್ಟೆ ಎರಡನ್ನೂ ಒಂದೇ ಸಮ ಎಳ್ಕೊಂಡು ಹೋಗುತ್ತೆ. ಕಾಲು ಮಷಿನ್‌ನಲ್ಲಿ ಲೈನಿಂಗ್ ತೋಳು ಸುರುಳಿ ಬರೋದೇ.

ಮಲೆನಾಡ_ಹೊಲಿಗೆ:
ನನ್ನ ಅಮ್ಮನ ಕಾಲು ಮಷಿನ್‌ನಲ್ಲಿ ಇವತ್ತಿಗೂ ಒಂದು ಸುರುಳಿ ಬಂದಿಲ್ಲ. ಲೈನಿಂಗ್ ಮಾತ್ರ ರಾತ್ರಿಯೆಲ್ಲಾ ನೆನೆಸಲೇಬೇಕು.

ಹುಬ್ಬಳ್ಳಿ_ಮಾಸ್ತರ್:
ಲೈನಿಂಗ್ ನೆನೆಸೂದು ಛಲೋನ, ಆದ್ರ ಇದು ಇನ್ನೂ ಒಗೆದಿಲ್ಲದ ಬ್ಲೌಸ್. ಹಾಕ್ಕೊಂಡ ತಕ್ಷಣ ಹಿಡಿಯಾಕತ್ತದ ಅಂದ್ರ ತಪ್ಪು ಬ್ಯಾರೆ ಕಡೆ ಐತಿ.

ಗುರುತು ಸಂದಿಯೊಳಗ ಬಿದ್ದಿದ್ರ ಆರ್ಮ್‌ಹೋಲ್ ಸಣ್ಣದು, ಮಂಡ್ಯದ ಅಕ್ಕಾರ ಮಾತು ಖರೆ. ಇವರಿಗೆ ಗುರುತು ಕೆಳಗ, ತೋಳಿನ ಸುತ್ತ ಅದ. ಅಂದ್ರ ತೋಳಿಗೇ ಅಗಲ ಸಾಲೂದಿಲ್ಲ. ಅಂಥಲ್ಲಿ ಆರ್ಮ್‌ಹೋಲ್ ಇಳಿಸಿದ್ರ ತೋಳಿಗೂ ಮೈಗೂ ಜೋಡ ಇರೋ ಜಾಗ ಕೆಳಗ ಹೋಗತದ, ಕೈ ಎತ್ತಿದಾಗ ತೋಳು ಮೈಯನ್ನ ಹಿಡಕೊಂಡು ಮ್ಯಾಲೆ ಎಳೀತದ. ಇಳಿಸಿದಷ್ಟೂ ಜಾಸ್ತಿ ಎಳೀತದ.

ಅತ್ತಿಗಿ ಕೈ ಕೆಳಗ ಸಡಿಲ ಬಿಟ್ಟು ನಿಂತಾಗ, ಕಂಕುಳ ಕೆಳಗ ಮಾಂಸ ಅತಿ ದಪ್ಪ ಇರೋ ಕಡೆ ಟೇಪ್ ಸುತ್ತ್ರಿ. ನಿಮ್ಮ ತೋಳಿನ ಪೇಪರ್‌ನಾಗ ಅದೇ ಜಾಗದ ಅಗಲ, ಮಾರ್ಜಿನ್ ಬಿಟ್ಟು, ಮಡಿಕಿಂದ ಎಷ್ಟದ ಅದನ್ನೂ ಹೇಳ್ರಿ. ಬೆನ್ನಿನ ಅಗಲನೂ ತಗೊಳ್ರಿ, ಆದ್ರ ಎರಡೂ ಕೈ ಮುಂದ ಚಾಚಿ, ಹಿಟ್ಟು ನಾದೋ ಹಂಗ ಹಿಡಿಸಿ.

ಸೂಜಿಮೊನೆ:
ತೋಳು ದಪ್ಪ ಇರೋ ಕಡೆ 17! ನನ್ನ ಪೇಪರ್‌ನಲ್ಲಿ ಮಡಿಕೆಯಿಂದ 8¼, ಅಂದ್ರೆ ಪೂರ್ತಿ 16½. ಬೆನ್ನು ಕೈ ಚಾಚಿದಾಗ 15½, ನಾನು ಕತ್ತರಿಸಿದ್ದು 14½. ತೋಳಿನ ಸುತ್ತಳತೆ ಅಂತ ಎಲ್ಲರೂ ಬಾಯಿದೇ ತಾನೇ ತಗೊಳ್ಳೋದು? ಮೇಲಿನದು ಎದೆ ಲೆಕ್ಕದಿಂದ ಬರುತ್ತೆ ಅಂತ ಕ್ಲಾಸ್‌ನಲ್ಲಿ ಹೇಳಿಕೊಟ್ಟಿದ್ದು.

ಹುಬ್ಬಳ್ಳಿ_ಮಾಸ್ತರ್:
ಎದಿ ಲೆಕ್ಕ ಎಲ್ಲಾರಿಗೂ ಹೊಂದೂದಿಲ್ಲ ತಂಗಿ. 46 ಎದಿ ಇದ್ದವರಿಗೆ ತೋಳು 15ನೂ ಇರತದ, 19ನೂ ಇರತದ. 17 ತೋಳಿಗೆ 16½ ಬಟ್ಟೆ, ಅದರೊಳಗ ಲೈನಿಂಗ್. ಹಿಡೀಲಾರದ ಏನಾಗತದ? ಸೀರಿ ಬ್ಲೌಸಿಗೆ ತೋಳಿಗಿಂತ ಒಂದ ಇಂಚಾದ್ರೂ ಸಡಿಲ ಬೇಕು, ಅಂದ್ರ 18. ನಿಮಗ ಕಡಿಮಿ ಬಿದ್ದಿದ್ದು 1½ ಇಂಚು.

ಅಷ್ಟನ್ನೂ ತೋಳೊಳಗ ಒಮ್ಮಿಗೇ ಬಿಡಿಸಬ್ಯಾಡ್ರಿ. ಒಂದು ಇಂಚು ತೋಳಿನ ನಡುವ, ಉಳಿದ ಅರ್ಧ ಇಂಚು ಕಂಕುಳ ಕಡೆ. ಹೊಸಾ ಪೇಪರ್ ಮಾಡ್ರಿ, ಪೂರ್ತಿ ತೋಳು, ಮಡಿಕಿ ಅಲ್ಲ. ಶೋಲ್ಡರ್ ಬಿಂದುವಿಂದ ಬಾಯಿ ತನಕ ನಡುವ ಒಂದು ಗೆರಿ. ಕಂಕುಳಿಂದ ಕಂಕುಳಿಗೆ ಅಡ್ಡ ಇನ್ನೊಂದು. ಎರಡೂ ಗೆರಿ ಮ್ಯಾಲೆ ಕತ್ತರಿ ಹಾಕ್ರಿ, ಆದ್ರ ನಾಲ್ಕೂ ತುದಿಯೊಳಗ ಒಂದ ಕಾಳಿನಷ್ಟು ಕಾಗದ ಹಂಗ ಬಿಡ್ರಿ. ಆಮ್ಯಾಲೆ ಎರಡೂ ಕಂಕುಳ ತುದಿ ಹಿಡಿದು ಹೊರಗ ಎಳದ್ರ ನಡುವ ಬಾಯಿ ಬಿಡತದ, ಮ್ಯಾಲಿನ ಕೆಳಗಿನ ತುಂಡು ಒಂದರ ಮ್ಯಾಲೊಂದು ಸರಿಯತಾವ. ನಡುವಿನ ಸಂದು ಒಂದು ಇಂಚಾದಾಗ ಕೆಳಗ ಬ್ಯಾರೆ ಕಾಗದ ಇಟ್ಟು ಅಂಟಿಸ್ರಿ. ಹಿಂಗ ಮಾಡಿದ್ರ ತೋಳಿನ ಬಾಯಿ 14ನ ಉಳೀತದ, ಆರ್ಮ್‌ಹೋಲಿಗೆ ಕೂಡೋ ಹೊಲಿಗಿ ಉದ್ದನೂ ಬದಲಾಗೂದಿಲ್ಲ. ಕ್ಯಾಪ್ ಸುಮಾರು ಒಂದು ಇಂಚು ಇಳೀತದ. ಒಟ್ಟು ಉದ್ದ ಎಷ್ಟು ಕಡಿಮಿ ಆತು ನೋಡಿ, ಅದನ್ನ ಬಾಯಿ ಕಡೆ ಕೂಡಸ್ರಿ.

ಆಮ್ಯಾಲೆ ತೋಳಿನ ಎರಡೂ ಕಂಕುಳ ತುದಿಗೆ ಕಾಲಿಂಚು ಹೊರಗ ಬರ್ರಿ. ಮೈಯ ಮುಂದಿನ ಹಿಂದಿನ ಪಾಲಿಗೂ ಪಕ್ಕದ ಹೊಲಿಗಿಯೊಳಗ ಕಾಲಿಂಚು ಹೊರಗ. ಆಗ ಎರಡೂ ಸರಿ ಕೂಡತಾವ, ಎದಿಗೂ ಒಟ್ಟು ಒಂದು ಇಂಚು ಸಡಿಲ ಸಿಗತದ.

ಪವರ್_ಮಷಿನ್_ಬೆಂಗಳೂರು:
ಕ್ಯಾಪ್ ಒಂದು ಇಂಚು ಇಳಿಸಿದ್ರೆ ಕೈ ಕೆಳಗೆ ಬಿಟ್ಟಾಗ ಕಂಕುಳ ಹತ್ರ ಬಟ್ಟೆ ಮಡಿಕೆ ಮಡಿಕೆ ನಿಲ್ಲುತ್ತೆ. ನನ್ನ ಕಸ್ಟಮರ್ ಒಪ್ಪಲ್ಲ.

ಹುಬ್ಬಳ್ಳಿ_ಮಾಸ್ತರ್:
ಒಂದೆರಡು ಮಡಿಕಿ ನಿಲ್ಲತಾವ, ಇಲ್ಲ ಅನ್ನೂದಿಲ್ಲ. ಕೈ ಆಡಬೇಕಂದ್ರ ಅಷ್ಟು ಬಟ್ಟೆ ಅಲ್ಲಿ ಇರಬೇಕು. ಅದಕ್ಕ ಒಂದು ಇಂಚಿಗಿಂತ ಜಾಸ್ತಿ ತೋಳೊಳಗ ಬಿಡಿಸಬ್ಯಾಡ್ರಿ ಅಂದದ್ದು. ಎರಡು ಇಂಚು ಬಿಡಿಸಿದ್ರ ಕ್ಯಾಪ್ ಚಪ್ಪಟಿ ಆಗಿ ತೋಳು ಜುಬ್ಬಾದ ತೋಳಿನ ಹಂಗ ಕೂಡತದ.

ಇನ್ನ ಬೆನ್ನು. ತೋಳು ಬಿಡಿಸಿದ ಮಾತ್ರಕ್ಕ ಅದು ಹೋಗೂದಿಲ್ಲ. ಹಿಂದಿನ ಆರ್ಮ್‌ಹೋಲ್ ನಡುವ ಮುಂದಿನದರಷ್ಟ ಒಳಗ ಕೊರದೀರಿ ಅನಸ್ತದ. ಹಿಂದ ಅರ್ಧ ಇಂಚು ಕಡಿಮಿ ಕೊರೀರಿ. ಎರಡೂ ಕಡೆ ಕೂಡಿ ನಿಮ್ಮ 14½ ಇದ್ದದ್ದು 15½ ಆಗತದ. ಗೆರಿ ಬದಲಾದ ಮ್ಯಾಲೆ ಟೇಪ್ ನಿಲ್ಲಿಸಿ ಇಟ್ಟು ಆರ್ಮ್‌ಹೋಲ್ ಸುತ್ತ ಮತ್ತೊಮ್ಮಿ ಅಳೀರಿ, ತೋಳಿನ ಕ್ಯಾಪಿಗೆ ಹೋಲಿಸ್ರಿ.

ಕತ್ತರಿ_ಮಂಡ್ಯ:
ಬೆನ್ನು ಬಿಗಿಯೋ ತೋಳು ಬಿಗಿಯೋ ಅಂತ ಹಾಕಿಕೊಂಡವರಿಗೇ ಗೊತ್ತಾಗಲ್ಲ ಮಾಸ್ತರ್ರೇ. ಇವರು ಎರಡೂ ಅಂತಾರೆ, ಬರೀ ತೋಳೇ ಆಗಿದ್ರೆ?

ಹುಬ್ಬಳ್ಳಿ_ಮಾಸ್ತರ್:
ಛಲೋ ಕೇಳಿದ್ರಿ ಅಕ್ಕಾರ. ಹಿಂದಿನ ಕಡೆ ಆರ್ಮ್‌ಹೋಲ್ ಹೊಲಿಗಿ ಮೂರು ಇಂಚು ಬಿಚ್ಚಿ, ಹಾಕ್ಕೊಂಡು ಕೈ ಮುಂದ ಚಾಚಾಕ ಹೇಳ್ರಿ. ಅಲ್ಲಿ ಎಲಿ ಆಕಾರದಾಗ ಬಾಯಿ ಬಿಟ್ಟು, ಬೆನ್ನ ಮ್ಯಾಲಿನ ಅಡ್ಡ ಗೆರಿ ಹೋದ್ರ ಬೆನ್ನಿಗೆ ಅಗಲ ಬೇಕು. ಆ ಬಾಯಿ ಎಷ್ಟು ಅಗಲ ಆತೋ ಅಷ್ಟ ಕೊಡ್ರಿ. ಬಾಯಿ ಬಿಡಲಿಲ್ಲ, ತೋಳು ಮಾತ್ರ ಹಿಡೀತು ಅಂದ್ರ ಬೆನ್ನು ಮುಟ್ಟಬ್ಯಾಡ್ರಿ.

ಸೂಜಿಮೊನೆ:
ಈಗ ತಾನೇ ಬಿಚ್ಚಿ ನೋಡಿದೆ ಅಣ್ಣಾ. ಎರಡೂ ಕಡೆ ಅರ್ಧ ಇಂಚಿನ ಹತ್ರ ಬಾಯಿ ಬಿಡ್ತು, ಅತ್ತಿಗೆ ಉಸಿರು ಬಿಟ್ಟರು. ಆದ್ರೆ ಬಟ್ಟೆ ಕತ್ತರಿಸಿ ಆಗಿದೆ, ಸೀರೆ ಜೊತೆ ಬಂದ 80 ಸೆಂಟಿಮೀಟರ್ ಪೀಸ್. ಒಳಗೆ ಮಾರ್ಜಿನ್ ಅರ್ಧ ಇಂಚು ಮಾತ್ರ. ಹೊಸ ತೋಳಿಗೆ ಬಟ್ಟೆ ಎಲ್ಲಿಂದ ತರಲಿ?

ಮಲೆನಾಡ_ಹೊಲಿಗೆ:
ಸೀರೆಯ ಒಳಗೆ ಸಿಕ್ಕಿಸೋ ತುದಿಯಿಂದ ಅರ್ಧ ಮೀಟರ್ ತೆಗೀರಿ, ಅಲ್ಲಿಗೆ ಅದೇ ಬಣ್ಣದ ಕಾಟನ್ ಸೇರಿಸಿ. ಉಟ್ಟ ಮೇಲೆ ಕಾಣಲ್ಲ. ನಮ್ಮ ಕಡೆ ಗುಂಡಗೆ ಇರೋರೆಲ್ಲಾ ಹಾಗೇ ಮಾಡಿಸ್ತಾರೆ.

ಪವರ್_ಮಷಿನ್_ಬೆಂಗಳೂರು:
ದಪ್ಪ ಇರೋರಿಗೆ ಆ ಅರ್ಧ ಮೀಟರ್ ಸೀರೆಯಲ್ಲೂ ಬೇಕು, ನೆರಿಗೆ ಕಡಿಮೆಯಾಗುತ್ತೆ. ಸೀರೆ ಮುಟ್ಟಬೇಡಿ.

ಮಲೆನಾಡ_ಹೊಲಿಗೆ:
ಕಾಟನ್ ಸೇರಿಸಿದ ಮೇಲೆ ಉದ್ದ ಅಷ್ಟೇ ಇರುತ್ತಲ್ಲ, ಕಡಿಮೆ ಹೇಗಾಗುತ್ತೆ?

ಹುಬ್ಬಳ್ಳಿ_ಮಾಸ್ತರ್:
ಇಬ್ಬರ ಮಾತೂ ಇರಲಿ. ಸೀರಿ ಕತ್ತರಿಸಲಾರದ ಮಾಡೋದಾದ್ರ ಕಂಕುಳಿಗೆ ಪಟ್ಟಿ ಕೊಡ್ರಿ. ತೋಳಿನ ಕೆಳಗಿನ ಹೊಲಿಗಿ, ಮೈ ಪಕ್ಕದ ಹೊಲಿಗಿ ಎರಡೂ ಬಿಚ್ಚ್ರಿ. ತೋಳಿನ ಬಾಯಿಂದ ಕಂಕುಳ ಹಾದು ಬ್ಲೌಸಿನ ಕೆಳಗಿನ ತನಕ ಒಂದೇ ಉದ್ದನ್ನ ತುಂಡು, ಎರಡೂ ತುದಿ ಚೂಪು, ಕಂಕುಳ ಹತ್ರ ಹೊಲಿದ ಮ್ಯಾಲೆ 1½ ಇಂಚು ಅಗಲ. ಅಂಗಡಿಯೊಳಗ ಅದೇ ಬಣ್ಣದ್ದು ಸಿಕ್ಕರ ಸಾಕು, ಕೈ ಕೆಳಗ ಇದ್ದಾಗ ಯಾರಿಗೂ ಕಾಣೂದಿಲ್ಲ. ಲೈನಿಂಗಿಗೂ ಅಷ್ಟ ಪಟ್ಟಿ ಕೊಡ್ರಿ, ಇಲ್ಲಾಂದ್ರ ಮ್ಯಾಲಿನ ಬಟ್ಟೆ ಸಡಿಲಾಗಿ ಒಳಗಿನದು ಹಿಡೀತದ. ನೀವು ಇಳಿಸಿದ ಆರ್ಮ್‌ಹೋಲನ್ನೂ ಆ ಪಟ್ಟಿ ಸ್ವಲ್ಪ ತುಂಬಿಸ್ತದ. ಬೆನ್ನಿಗೆ ಮಾತ್ರ ಒಳಗಿನ ಮಾರ್ಜಿನ್‌ನಾಗ ಕಾಲಿಂಚು ಬಿಡಿಸ್ರಿ, ಅಷ್ಟರೊಳಗ ಎಷ್ಟು ಹೋಗತದ ಅಷ್ಟು. ಪೂರ್ತಿ ಅರ್ಧ ಇಂಚು ಈ ಬ್ಲೌಸಿನಾಗ ಸಿಗೂದಿಲ್ಲ.

ಕತ್ತರಿ_ಮಂಡ್ಯ:
9 ಇಂಚಿನ ಕೊರಳಿಗೆ ದಾರ ಸ್ವಲ್ಪ ಸಡಿಲ ಕಟ್ಟಿದ್ರೆ ಬೆನ್ನಿನ ಉಳಿದ ಬಿಗಿ ಹೋಗುತ್ತೆ. ಇದು ನಾನು ಮಾಡಿ ನೋಡಿದ್ದು.

ಹುಬ್ಬಳ್ಳಿ_ಮಾಸ್ತರ್:
ಸಡಿಲ ಕಟ್ಟಿದ್ರ ಶೋಲ್ಡರ್ ಜಾರತದ ಅಕ್ಕಾರ. ಇವರಿಗೆ ಶೋಲ್ಡರ್ ಇಳಿಜಾರು ಎಷ್ಟದ ಅಂತ ನೋಡಲಾರದ ನಾ ಹೇಳಾಕ ಬರೂದಿಲ್ಲ.

ಸೂಜಿಮೊನೆ:
ಪಟ್ಟಿನೇ ಕೊಡ್ತೀನಿ, ನಾಳೆ ಬಣ್ಣ ಹೊಂದಿಸಿ ತರ್ತೀನಿ. ಇನ್ನೊಂದು ಕೇಳ್ತೀನಿ ಅಣ್ಣಾ. ಅತ್ತಿಗೆ ನಿಂತಾಗ ಕೆಳಗಿನ ಪಟ್ಟಿ ಸರಿ ಇರುತ್ತೆ, ಕೂತಾಗ ಮುಂದೆ ಮಾತ್ರ ಮಡಚಿ ಸುರುಳಿಯಾಗುತ್ತೆ. ಮೇಲ್ಹೊಟ್ಟೆ ತುಂಬಿದೆ ಅವರಿಗೆ.

ಹುಬ್ಬಳ್ಳಿ_ಮಾಸ್ತರ್:
ಕೆಳಗಿನ ಸುತ್ತಳತಿ ಕೂತಾಗ ತಗೊಳ್ರಿ. ನಿಂತಾಗಿಂದಕ್ಕಿಂತ ಎಷ್ಟು ಜಾಸ್ತಿ ಬಂತೋ ಅದನ್ನ ಮುಂದಿನ ಪಾಲಿಗಷ್ಟ ಕೊಡ್ರಿ, ಹಿಂದ ಬ್ಯಾಡ. ಟಕ್ಸ್ ಕೆಳಗ ಸ್ವಲ್ಪ ಬಿಟ್ಟರ ಅಲ್ಲೇ ಸಿಗತದ.

ಮಲೆನಾಡ_ಹೊಲಿಗೆ:
ಮೇಲ್ಹೊಟ್ಟೆ ಇದ್ರೆ ಉದ್ದನೇ ಒಂದು ಇಂಚು ಕಡಿಮೆ ಮಾಡಿ, ಪಟ್ಟಿ ಹೊಟ್ಟೆ ಮೇಲೆ ಕೂರೋದೇ ಬೇಡ.

ಸೂಜಿಮೊನೆ:
ಉದ್ದ ಕಡಿಮೆ ಮಾಡಿದ್ರೆ ಅವರು ಹಾಕಲ್ಲ ಅಕ್ಕ, ಹೊಟ್ಟೆ ಕಾಣುತ್ತೆ ಅಂತಾರೆ. ಮಾಸ್ತರ್ ಅಣ್ಣಾ, ಕೂತಾಗ ಎರಡು ಇಂಚು ಜಾಸ್ತಿ ಬರ್ತಿದೆ. ಅಷ್ಟನ್ನೂ ಟಕ್ಸ್‌ನಲ್ಲೇ ಬಿಟ್ಟರೆ ನಿಂತಾಗ ಮುಂದೆ ದೊಗಳೆ ಕಾಣಲ್ವಾ?