ಹೊಸ ಇಂಕ್‌ಜೆಟ್: ಅಲೈನ್‌ಮೆಂಟ್ ಹಾಳೆಯಲ್ಲಿ ನೀಲಿ ಅರ್ಧಕ್ಕೇ ನಿಲ್ಲುತ್ತಿದೆ

ಹಾವೇರಿ_ಏಲಕ್ಕಿ:
ಏಲಕ್ಕಿ ಹಾರದ ಡಬ್ಬಿಗೆ ಲೇಬಲ್ ಹಾಕೋಣ ಅಂತ ನಿನ್ನೆ ಪ್ರಿಂಟರ್ ತಂದೆ. ಟೇಪ್ ಎಲ್ಲ ಕಿತ್ತೆ, ಇಂಕ್ ಹಾಕಿದೆ, ಸ್ವಲ್ಪ ಹೊತ್ತು ಗುರ್ ಅಂದು ರೆಡಿ ಆಯಿತು. ಅಲೈನ್‌ಮೆಂಟ್ ಹಾಳೆಯಲ್ಲಿ ನೀಲಿ ಮೇಲೆ ದಟ್ಟ, ಕೆಳಗೆ ಬರುವಷ್ಟರಲ್ಲಿ ಇಲ್ಲವೇ ಇಲ್ಲ. ಸ್ಕ್ಯಾನರ್ ಮೇಲಿಟ್ಟರೆ ಎರರ್. ಶುಕ್ರವಾರ ಮದುವೆ ಆರ್ಡರ್ ಕೊಡಬೇಕು, ತಲೆ ಕೆಟ್ಟುಹೋಗಿದೆ.

ಹಳೇಹುಬ್ಬಳ್ಳಿ_ಪ್ರಿಂಟ್:
ಪೈಪಿನಲ್ಲಿ ಗಾಳಿ ಸೇರಿದೆ. ಹೆಡ್ ಕ್ಲೀನಿಂಗ್ ಮೂರು ಸಲ ಮಾಡಿ, ಬರುತ್ತೆ.

ಬೆಟಗೇರಿ_ಮಗ್ಗ:
ನಮ್ಮಲ್ಲಿ ಇಂಕ್ ತುಂಬುವಾಗಲೇ ಕರೆಂಟ್ ಹೋಯಿತು. ಬಂದ ಮೇಲೆ ಮೊದಲಿನಿಂದ ಶುರು ಮಾಡಿತು, ಟ್ಯಾಂಕಿನ ಇಂಕ್ ಮತ್ತಷ್ಟು ಇಳಿಯಿತು. ಈಗ ಪ್ರಿಂಟರ್, ಕಂಪ್ಯೂಟರ್ ಎರಡೂ ಯುಪಿಎಸ್ ಮೇಲಿವೆ, ಒಂದು ಸೀರೆ ಡಿಸೈನೂ ಅರ್ಧಕ್ಕೆ ನಿಂತಿಲ್ಲ.

ಹಾವೇರಿ_ಏಲಕ್ಕಿ:
ಕರೆಂಟ್ ಹೋಗಿಲ್ಲ ಅಣ್ಣಾ. ಕ್ಲೀನಿಂಗ್ ನಾಲ್ಕು ಸಲ ಆಯಿತು. ಹಾಗೇ ಬಿಟ್ಟು ಬೆಳಿಗ್ಗೆ ತೆಗೆದರೆ ನೀಲಿ ಬರುತ್ತೆ, ಅರ್ಧ ಹಾಳೆಗೆ ಮತ್ತೆ ಹೋಗುತ್ತೆ.

ಹಳೇಹುಬ್ಬಳ್ಳಿ_ಪ್ರಿಂಟ್:
ಹಾಗಾದ್ರೆ ಡೀಪ್ ಕ್ಲೀನಿಂಗ್ ಕೊಡಿ.

ಧಾರವಾಡ_ಶಾಯಿ:
ಬೇಡ್ರೀ, ಆ ಇಂಕೆಲ್ಲ ಸುಮ್ನೆ ಕೆಳಗಿನ ವೇಸ್ಟ್ ಪ್ಯಾಡಿಗೆ ಹೋಗುತ್ತೆ. ಟ್ಯಾಂಕಾ, ಬಿಡಿ ಕಾರ್ಟ್ರಿಜ್ಜಾ? ಅದನ್ನೇ ಹೇಳಿಲ್ಲ.

ಹಾವೇರಿ_ಏಲಕ್ಕಿ:
ಬಿಡಿ ಕಾರ್ಟ್ರಿಜ್. ಬಣ್ಣಕ್ಕೊಂದು.

ಹಳೇಹುಬ್ಬಳ್ಳಿ_ಪ್ರಿಂಟ್:
ಮೊದಲೇ ಹೇಳಬೇಕಲ್ವಾ? ನಾನು ಟ್ಯಾಂಕ್ ಅಂತ ತಿಳಿದೆ.

ಧಾರವಾಡ_ಶಾಯಿ:
ಇಂಕ್ ಬರುವ ನಾಜಲ್ ಕಟ್ಟಿಕೊಂಡಿದ್ದರೆ ನಾಜಲ್ ಚೆಕ್ ಹಾಳೆಯಲ್ಲಿ ಪ್ರತಿ ಸಲವೂ ಅದೇ ಜಾಗದಲ್ಲಿ ಗೆರೆ ತಪ್ಪುತ್ತೆ. ನಿಮ್ಮದು ಹಾಗಲ್ಲ. ಬಿಟ್ಟರೆ ಬರುತ್ತೆ, ಓಡಿಸಿದರೆ ನಿಲ್ಲುತ್ತೆ. ಅಂದ್ರೆ ಇಂಕ್ ಖಾಲಿಯಾದ ಜಾಗಕ್ಕೆ ಗಾಳಿ ಒಳಗೆ ಹೋಗುತ್ತಿಲ್ಲ. ತಲೆಕೆಳಗು ಮಾಡಿದ ಬಾಟಲಿಯಿಂದ ನೀರು ನಿಂತುಹೋಗುತ್ತಲ್ಲ, ಹಾಗೆ.

ನೀಲಿ ಕಾರ್ಟ್ರಿಜ್ ತೆಗೆದು ಮೇಲ್ಭಾಗ ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಸಣ್ಣ ಗೀರು ಇರಬಹುದು, ಅದೇ ಗಾಳಿ ದಾರಿ. ಅದರ ಮೇಲಿನ ಟೇಪ್ ಪೂರ್ತಿ ಹೋಗಿದೆಯಾ? ಎಳೆಯುವಾಗ ಹರಿದು ತುಂಡು ಉಳಿಯುತ್ತೆ. ಕೆಳಗೆ ಪೇಪರ್ ಹಾಸಿಕೊಳ್ಳಿ. ಪಕ್ಕ ಒತ್ತಬೇಡಿ, ಇಂಕ್ ಚಿಮ್ಮುತ್ತೆ. ಆಮೇಲೆ ಒಂದು ತಾಸು ಬಿಟ್ಟು, ಒಂದೇ ಒಂದು ಮಾಮೂಲಿ ಕ್ಲೀನಿಂಗ್, ನಾಜಲ್ ಚೆಕ್. ಅದು ಸರಿ ಬಂದರೆ ಮಾತ್ರ ಅಲೈನ್‌ಮೆಂಟ್.

ಹಳೇಹುಬ್ಬಳ್ಳಿ_ಪ್ರಿಂಟ್:
ಟೇಪ್ ಎಲ್ಲ ಕಿತ್ತೆ ಅಂತ ಅವರೇ ಬರೆದಿದ್ದಾರಲ್ರೀ.

ಹಾವೇರಿ_ಏಲಕ್ಕಿ:
ನಾನು ಹೇಳಿದ್ದು ಪ್ರಿಂಟರ್ ಮೇಲಿನ ನೀಲಿ ಟೇಪು. ಕಾರ್ಟ್ರಿಜ್ ಮೇಲೆ ಅಕ್ಕಿಕಾಳಿನಷ್ಟು ತುಂಡು ಇತ್ತು, ಹಿಂದಿನದು ಕಾಣುವಷ್ಟು ತೆಳು. ಉಗುರಿನಿಂದ ಎಬ್ಬಿಸಿದೆ. ಈಗ ಇಡೀ ಹಾಳೆ ನೀಲಿ ಬಂತು, ಸ್ಕ್ಯಾನರ್ ಕೂಡ ಒಪ್ಪಿತು. ತುಂಬಾ ಉಪಕಾರ ಆಯಿತು ಸರ್. ಆದರೆ ದಪ್ಪ ಸ್ಟಿಕರ್ ಹಾಳೆಯಲ್ಲಿ ಅಕ್ಷರ ಇನ್ನೂ ಎರಡೆರಡು ಕಾಣುತ್ತಿವೆ.

ಧಾರವಾಡ_ಶಾಯಿ:
ಪ್ರಿಂಟ್ ಸೆಟ್ಟಿಂಗಿನಲ್ಲಿ ಕಾಗದ ಯಾವುದು ಅಂತ ಆರಿಸಿದ್ದೀರಿ? ಆ ಸೆಟ್ಟಿಂಗ್, ಸ್ಟಿಕರ್ ಪ್ರಿಂಟ್ ಎರಡರ ಫೋಟೊ ಹಾಕಿ.

ಬೆಟಗೇರಿ_ಮಗ್ಗ:
ಆ ಸ್ಟಿಕರ್ ಹಾಳೆ ಹಾವೇರಿಯಲ್ಲೇ ಸಿಗುತ್ತಾ ಅಕ್ಕಾ? ನಮಗೂ ಬೇಕಿತ್ತು.